ತಾರಸಿಯ ಮೇಲೆ ಒಂದೂವರೆ ಗಂಟೆ

ಪದ್ಮನಾಭನಗರ
೮ ನವೆಂಬರ್ ೧೯೯೨

ಶಿಲ್ಪಶ್ರೀ,

ನಿನ್ನ ಕ್ಷೇಮ ಕೇಳುವ ಮನಸ್ಸಿಲ್ಲ, ನನ್ನದು ಹೇಳುವ ಮನಸ್ಸೂ ಇಲ್ಲ. ಈ ರೂಮಿನಿಂದ ಇಟ್ಟಮಡುವಿನ ನಮ್ಮ ಮನೆಗೆ ನಡೆದರೆ ಅರ್ಧ ಗಂಟೆ. ಆದರೂ ಅಂಚೆಗೆ ಹಾಕುತ್ತಿದ್ದೇನೆ, ಯಾಕೆಂದರೆ ನಿನ್ನ ಮುಖ ಕಂಡರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ.

ನಿನ್ನೆ ಅಮ್ಮ ಜಯನಗರದ ರಿಪೇರಿ ಅಂಗಡಿಗೇ ಬಂದಿದ್ದಳು. ಗಿರಾಕಿಗಳ ಎದುರು ಕೌಂಟರ್ ಮೇಲೆ ಚಕ್ಕುಲಿ ಡಬ್ಬ ಇಟ್ಟು, "ಏನಾಯ್ತು ಅಂತ ಮನೆ ಬಿಟ್ಟೆ ಮಹಾಂತೇಶ? ಶಿಲ್ಪಾನೂ ಅದೇ ಕೇಳ್ತಾಳೆ" ಅಂದಳು. ನೀನೂ ಅದೇ ಕೇಳುತ್ತೀಯಾ? ಎಷ್ಟು ಧೈರ್ಯ ನಿನಗೆ! ಹಾಗಿದ್ದರೆ ಏನಾಯಿತು ಅಂತ ಕೇಳಿಸಿಕೋ.

ಬಲಿಪಾಡ್ಯಮಿಯ ಸಂಜೆ, ಹೊಸ ಕಲರ್ ಟಿ.ವಿ. ಮನೆಗೆ ಬಂದು ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ. ಊಟವಾದ ಮೇಲೆ ನಾನು ಅದರ ಮುಂದೆ ಕೂತವನು ಕಾಫಿಗೂ ಎದ್ದಿರಲಿಲ್ಲ. ಹಳೆಯ ಕಪ್ಪು-ಬಿಳುಪು ಸೆಟ್ಟಿಗೆ ಚಪ್ಪಟೆ ತಂತಿಯನ್ನು ಎರಡು ಸ್ಕ್ರೂಗೆ ಕಟ್ಟಿದರೆ ಮುಗಿಯುತ್ತಿತ್ತು. ಹೊಸದರ ಹಿಂದೆ ಇರುವುದು ದುಂಡನೆಯ ತೂತು. ಆ ತಂತಿಗೆ ಈ ತೂತು ನೇರವಾಗಿ ಒಗ್ಗುವುದಿಲ್ಲ, ನಡುವೆ ಹೆಬ್ಬೆರಳಿನಷ್ಟು ಉದ್ದದ, ಬಾಲನ್ ಅನ್ನುವ ಜೋಡಕ ಹಾಕಬೇಕು. ಅದನ್ನು ಅಂಗಡಿಯಿಂದ ಮೊದಲೇ ತಂದಿದ್ದೆ. ಮುಂದಿನ ಪುಟ್ಟ ಬಾಗಿಲು ತೆಗೆದರೆ ಎಂಟು ಗುಂಡಿಗಳು, ಒಂದೊಂದಕ್ಕೂ ಒಂದು ಸಣ್ಣ ಚಕ್ರ. ಬ್ಯಾಂಡ್ ಆರಿಸಿಕೊಂಡು ಆ ಚಕ್ರವನ್ನು ಉಗುರಿನಿಂದ ತಿರುಗಿಸುತ್ತಾ ಹೋಗಬೇಕು. ಚೂರು ಆ ಕಡೆ ಹೋದರೆ, ಮಾತಾಡಿದಾಗಲೆಲ್ಲ ಚಿತ್ರದ ಮೇಲೆ ಪಟ್ಟೆ ಪಟ್ಟೆ ಓಡುತ್ತದೆ. ಚೂರು ಈ ಕಡೆ ಬಂದರೆ ಚಿತ್ರ ಮಂಕಾಗಿ ಬಣ್ಣ ಹೋಗಿಬಿಡುತ್ತದೆ. ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಬಣ್ಣವೂ ಇದೆ, ಧ್ವನಿಯೂ ಇದೆ. ಅಲ್ಲಿ ಬಿಟ್ಟು ಬಾಗಿಲು ಮುಚ್ಚಿದರೆ ಸೆಟ್ಟು ಆ ಜಾಗವನ್ನು ತಾನೇ ಹಿಡಿದುಕೊಳ್ಳುತ್ತದೆ. ನಾನು ಹಿಡಿದು ಕೊಟ್ಟೆ. ಬಣ್ಣ ಬಂದಾಗ ಅಪ್ಪ, "ಭಲೆ!" ಅಂದರು. ನನ್ನ ವಿದ್ಯೆಗೆ ಅಪ್ಪ ಹಾಗೆ ಅಂದದ್ದು ಅದೇ ಮೊದಲು.

ಅಷ್ಟೊತ್ತಿಗೆ ಬೇಗೂರಿನವರು ಬಂದರು. "ಟಿ.ವಿ. ನೋಡೋಕೆ ಬಂದ್ವಿ" ಅಂದರು ನಿಂಗರಾಜಪ್ಪ. ಜೊತೆಗೆ ಅವರ ಹೆಂಡತಿ, ಮಗ ಗೌರೀಶಂಕರ, ಮಗಳು ಅನ್ನಪೂರ್ಣ. ಆಗಲೇ ನನಗೆ ಹೊಳೆಯಬೇಕಿತ್ತು. ಬೇಗೂರಿನಿಂದ ಎರಡು ಬಸ್ಸು ಹಿಡಿದು ಹಬ್ಬದ ದಿನ ಯಾರಾದರೂ ಪರರ ಮನೆಗೆ ಟಿ.ವಿ. ನೋಡಲು ಬರುತ್ತಾರಾ?

ಚಿತ್ರದಲ್ಲಿ ನೆರಳಿತ್ತು. ಒಬ್ಬೊಬ್ಬರ ಬಲಗಡೆಯೂ ಇನ್ನೊಬ್ಬ ಮಸುಕು ಮನುಷ್ಯ. ಪಕ್ಕದಲ್ಲಿ ಹೊಸದಾಗಿ ಎದ್ದ ಮೂರಂತಸ್ತಿಗೆ ಬಡಿದು ಅದೇ ಸಿಗ್ನಲ್ ತಡವಾಗಿ ಬರುವುದರಿಂದ ಹಾಗಾಗುತ್ತದೆ. ಆಂಟೆನಾವನ್ನು ಬೆರಳಗಲ ಬೆರಳಗಲ ತಿರುಗಿಸಿದರೆ ಹೋಗುತ್ತದೆ. "ಎಲ್ಲರೂ ಕೂತಿದ್ದಾರೆ, ಸರಿ ಮಾಡಿಬಿಡೋ" ಅಂದರು ಅಪ್ಪ. ನಾನು ತಾರಸಿ ಹತ್ತಿದೆ. ನೀನು ಕಿಟಕಿಯಲ್ಲಿ ನಿಂತೆ. "ಈಗ ಬಂತಾ?" ಅಂತ ನಾನು, "ಇನ್ನೂ ಸ್ವಲ್ಪ" ಅಂತ ನೀನು. ಹತ್ತಿದಾಗ ಕಾಲು ಕಮ್ಮಿ ಏಳು ಗಂಟೆ, ಇಳಿದಾಗ ಎಂಟೂಕಾಲು. ಕೆಳಗೆ ಬಂದರೆ ಅಪ್ಪನ ತಟ್ಟೆಯಲ್ಲಿ ಬೇಗೂರಿನ ಎಲೆಯಡಿಕೆ, ಅವರ ತಟ್ಟೆಯಲ್ಲಿ ನಮ್ಮದು. ನಿನ್ನನ್ನು ಗೌರೀಶಂಕರನಿಗೆ ಕೊಡುವುದು, ಅನ್ನಪೂರ್ಣಳನ್ನು ನನಗೆ ತಂದುಕೊಳ್ಳುವುದು. ಕೊಟ್ಟು ತರುವ ಸಂಬಂಧ, ಮಾತು ಮುಗಿದಿದೆ, ಬಾಯಿ ಸಿಹಿ ಮಾಡಿಕೋ ಅಂದರು.

ನನ್ನ ಮದುವೆ ನಿಶ್ಚಯವಾದಾಗ ನಾನು ನೀರಿನ ಟ್ಯಾಂಕಿನ ಪಕ್ಕ ಕಬ್ಬಿಣದ ಪೈಪು ಹಿಡಿದು ನಿಂತಿದ್ದೆ. ಆ ಮಾತಿಗೂ ನನಗೂ ಸಂಬಂಧವಿಲ್ಲ. ಅಪ್ಪನಿಗೆ ಹೇಳಿಬಿಡು.

ಮಹಾಂತೇಶ

•

ಇಟ್ಟಮಡು
೧೪ ನವೆಂಬರ್ ೧೯೯೨

ಅಣ್ಣನಿಗೆ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಮೈ ಉರಿಯಿತು. ಎರಡು ಪುಟದಲ್ಲಿ ಒಂದು ಪುಟ ನಿನ್ನ ಚಕ್ರ, ನಿನ್ನ ಬಾಲನ್, ನಿನ್ನ ವಿದ್ಯೆ. ತಂಗಿಯ ವಿಷಯ ಎಲ್ಲಿ?

ನಾನೇ ಬರೆಯುತ್ತೇನೆ. ನನಗೆ ಇಪ್ಪತ್ತಾರು. ಬೇಗೂರಿನವರಿಗಿಂತ ಮುಂಚೆ ನೋಡಿ ಹೋದವರು ಮೂರು ಕಡೆಯವರು. ಇಬ್ಬರು ಬಣ್ಣ ಕಮ್ಮಿ ಅಂದರು, ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಗೌರೀಶಂಕರ ಅವರು ಒಬ್ಬರೇ ನನ್ನ ಜೊತೆ ಕೂತು, ಟ್ಯೂಷನ್ನಿನಲ್ಲಿ ಯಾವ ಕ್ಲಾಸಿನ ಮಕ್ಕಳಿಗೆ ಪಾಠ ಹೇಳ್ತೀರಿ, ಗಣಿತ ಕಷ್ಟ ಅಲ್ವಾ ಅಂತ ಮನುಷ್ಯರಂತೆ ಮಾತಾಡಿದವರು. ನನ್ನನ್ನು ನೋಡಲು ಬಂದ ದಿನ, ಆಗಸ್ಟಿನಲ್ಲೇ, ಅವರ ತಂದೆ ಹೇಳಿದ್ದರು: "ಕೊಡೋದಾದ್ರೆ ತರೋದೂ ಆಗಬೇಕು. ಎರಡು ಮದುವೆ, ಒಂದೇ ಚಪ್ಪರ." ಅವತ್ತಿನಿಂದ ಹಬ್ಬದವರೆಗೆ ಅಪ್ಪ ನಿನ್ನನ್ನು ಎಷ್ಟು ಸಲ ಕೇಳಿದರು? ಒಂದು ಸಲವಾದರೂ ಹೂಂ ಅಂದೆಯಾ? ಊಹೂಂ ಅಂದೆಯಾ? ತಟ್ಟೆ ಬಿಟ್ಟು ಎದ್ದು ಹೋದೆ. ರೇಡಿಯೋ ಬಿಚ್ಚಿ ಕೂತೆ. ಆ ಹುಡುಗಿಯನ್ನು ನೋಡಲು ಎರಡು ಭಾನುವಾರ ಗೊತ್ತುಮಾಡಿದರೆ ಎರಡಕ್ಕೂ ಅಂಗಡಿಯಲ್ಲಿ ಅರ್ಜೆಂಟ್ ರಿಪೇರಿ ಅಂದೆ.

ನನ್ನ ಮೇಲೆ ಹೊರಿಸುವುದನ್ನು ನಿಲ್ಲಿಸು. ನಾನು ಕಿಟಕಿಯಲ್ಲಿ ನಿಂತು ಟಿ.ವಿ.ಯಲ್ಲಿ ಕಂಡದ್ದನ್ನು ಕಂಡ ಹಾಗೆ ಕೂಗಿದೆ. ನೆರಳು ಹೋಗಲಿಲ್ಲ, ಹೋಗಲಿಲ್ಲ ಅಂದೆ. ದೊಡ್ಡವರು ಆ ಹೊತ್ತಿನಲ್ಲಿ ಏನು ಮಾತಾಡಿದರು ಅನ್ನುವುದಕ್ಕೆ ನಾನು ಹೊಣೆಯಲ್ಲ. ನೀನು ಅಷ್ಟು ದೊಡ್ಡ ಮೆಕ್ಯಾನಿಕ್ ಆಗಿದ್ದರೆ ಹತ್ತು ನಿಮಿಷದಲ್ಲಿ ಸರಿಮಾಡಿ ಇಳಿದು ಬರಬೇಕಿತ್ತು.

ಅಪ್ಪನಿಗೆ ನಾನು ಏನನ್ನೂ ಹೇಳುವುದಿಲ್ಲ. ಹೇಳುವ ಬಾಯಿ ನಿನಗೂ ಇದೆ.

ಶಿಲ್ಪಶ್ರೀ

•

ಪದ್ಮನಾಭನಗರ
೧೯ ನವೆಂಬರ್ ೧೯೯೨

ಶಿಲ್ಪಾ,

"ಕಂಡದ್ದನ್ನು ಕಂಡ ಹಾಗೆ" ಅಂತ ಬರೆದಿದ್ದೀಯ. ಆ ಸಾಲನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಆಂಟೆನಾ ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ, ಅದಕ್ಕೇ ಸಿಕ್ಕಿಬಿದ್ದೆ. ಅದರ ಹಿಂದುಗಡೆ ಎಲ್ಲಕ್ಕಿಂತ ಉದ್ದದ ಕಡ್ಡಿ, ಮುಂದುಗಡೆ ಗಿಡ್ಡ ಕಡ್ಡಿಗಳು, ನಡುವೆ ಮಡಚಿದ ಕೊಳವೆ. ತಂತಿ ಕಟ್ಟುವುದು ಆ ಕೊಳವೆಗೆ. ಗಿಡ್ಡ ಕಡ್ಡಿಗಳು ಟವರಿನ ಕಡೆ ನೋಡಬೇಕು. ನಮಗೆ ಟವರು ಉತ್ತರಕ್ಕೆ, ಬೀದಿಯ ಎಲ್ಲ ಆಂಟೆನಾಗಳೂ ಆ ಕಡೆಗೇ ಮುಖ ಮಾಡಿವೆ. ನೆರಳು ಹೋಗಲಾಡಿಸುವಾಗ ಮಾಡುವುದು ಎದುರಿನಿಂದ ಬರುವುದನ್ನು ಹಿಡಿಯುವ ಕೆಲಸವಲ್ಲ, ಪಕ್ಕದ ಗೋಡೆಗೆ ಬಡಿದು ಬರುವುದಕ್ಕೆ ಮುಖ ಕೊಡದೆ ಭುಜ ಕೊಡುವ ಕೆಲಸ. ಪಕ್ಕದಿಂದ ಬಂದದ್ದು ಆಂಟೆನಾಕ್ಕೆ ಕೇಳಿಸುವುದಿಲ್ಲ. ಹೆಚ್ಚೆಂದರೆ ನಾಲ್ಕು ಬೆರಳು ಆ ಕಡೆ, ನಾಲ್ಕು ಬೆರಳು ಈ ಕಡೆ. ಅಷ್ಟರೊಳಗೆ ಸರಿಹೋಗಲೇಬೇಕು. ತಿರುಗಿಸಿದೆ. ನೀನು "ಇನ್ನೂ ಇದೆ ಅಣ್ಣ, ಇನ್ನೂ ಸ್ವಲ್ಪ" ಅಂದೆ. ವಾಪಸ್ ತಿರುಗಿಸಿದೆ. "ಇನ್ನೂ ಇದೆ." ಮೂರನೇ ಸಲಕ್ಕೆ ಅನುಮಾನ ಬಂತು. ನಿನ್ನ ಧ್ವನಿ ಯಾವಾಗಲೂ ಒಂದೇ ಥರ ಇತ್ತು. ಟಿ.ವಿ. ನೋಡಿ ಹೇಳುವವರು ಒಂದು ಗಳಿಗೆ ತಡೆದು ಹೇಳುತ್ತಾರೆ, ತಿರುಗಿ ನೋಡಬೇಕಲ್ಲ. ನಾನು ಕೇಳುವುದೇ ತಡ, ಉತ್ತರ ಬರುತ್ತಿತ್ತು.

ಆಗ ಬೋಲ್ಟು ಸಡಿಲ ಮಾಡಿ ಆಂಟೆನಾವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ಉದ್ದದ ಕಡ್ಡಿ ಟವರಿಗೆ, ಮುಖ ಕನಕಪುರ ರಸ್ತೆ ಕಡೆಗೆ. ಚಿತ್ರದ ತುಂಬಾ ಚುಕ್ಕಿ ಚುಕ್ಕಿ ಎದ್ದು ಬಣ್ಣ ಓಡಿಹೋಗಬೇಕು. "ಈಗ?" ಅಂದೆ. "ಸ್ವಲ್ಪ ಪರವಾಗಿಲ್ಲ, ಇನ್ನೂ ತಿರುಗಿಸು" ಅಂದೆ ನೀನು.

ಇರಲಿ, ಎಲ್ಲೋ ಬಡಿದು ಬರುತ್ತಿದ್ದೀತು ಅಂತ ನಿನಗೆ ಇನ್ನೊಂದು ಅವಕಾಶ ಕೊಟ್ಟೆ. ಸ್ಪ್ಯಾನರ್ ತೆಗೆದುಕೊಂಡು ತಂತಿಯನ್ನೇ ಬಿಚ್ಚಿದೆ. ಒಂದು ತುದಿ ಎಡಗೈಯಲ್ಲಿ, ಇನ್ನೊಂದು ತುದಿ ಬಲಗೈಯಲ್ಲಿ. ಆಂಟೆನಾಕ್ಕೂ ಟಿ.ವಿ.ಗೂ ನಡುವೆ ಏನೂ ಇಲ್ಲ. "ಈಗ ಬಂತಾ?" ಅಂತ ಕೂಗಿದೆ.

"ಹಾಂ, ಚೆನ್ನಾಗಿ ಬರ್ತಿದೆ ಅಣ್ಣ! ಒಂದೇ ಒಂದು ಚೂರು ತಿರುಗಿಸು!"

ಇದು ನಿನ್ನ ಮಾತು. ಈಗ ಹೇಳು, ಏನು ಕಂಡೆ? ನಾಚಿಕೆಯಾಗಬೇಕು ನಿನಗೆ.

ಮಹಾಂತೇಶ

•

ಇಟ್ಟಮಡು
೫ ಡಿಸೆಂಬರ್ ೧೯೯೨

ಅಣ್ಣ,

ಹದಿನೈದು ದಿನ ಬೇಕಾಯಿತು ಇದನ್ನು ಬರೆಯಲು. ಅಮ್ಮನಿಗೆ ನಿನ್ನ ಕಾಗದ ತೋರಿಸಿಲ್ಲ.

ಸುಳ್ಳು ಹೇಳಿದೆ. ನೀನು ಮೆಟ್ಟಿಲು ಹತ್ತಿದ ಐದೇ ನಿಮಿಷಕ್ಕೆ ನೆರಳು ಹೋಗಿತ್ತು. ನಾನು "ಬಂತು" ಅಂತ ಕೂಗಲು ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಹಿಡಿದು, "ಅವನು ಅಲ್ಲೇ ಇರ್ಲಿ" ಅಂದರು. ಟಿ.ವಿ. ಆರಿಸಿದರು. ಆಮೇಲೆ ನಾನು ಕಿಟಕಿಯ ಸರಳು ಹಿಡಿದು, ಆರಿದ ಟಿ.ವಿ.ಗೆ ಬೆನ್ನು ಹಾಕಿ, ಒಂದು ಗಂಟೆಗೂ ಹೆಚ್ಚು ಕೂಗಿದೆ. ನೀನು ಇಳಿದುಬಿಟ್ಟರೆ ನನ್ನ ಬದುಕು ಮುಗಿಯಿತು ಅನ್ನಿಸುತ್ತಿತ್ತು. ತಪ್ಪು ಮಾಡಿದೆ, ನಾಚಿಕೆಯೂ ಆಗಿದೆ. ಸಾಕಾ?

ಈಗ ನಿನ್ನ ಸರದಿ. ನೀನೇ ಬರೆದು ನೀನೇ ಸಿಕ್ಕಿಬಿದ್ದಿದ್ದೀಯ. ಮೂರನೇ ಸಲಕ್ಕೇ ಅನುಮಾನ ಬಂತು ಅಂದೆ. ಅಂದರೆ ಏಳು ಗಂಟೆ. ತಂತಿ ಬಿಚ್ಚಿದಾಗ ಏಳೂಕಾಲು ಇರಲಿ. ಆಗಲೇ ನಿನಗೆ ಗೊತ್ತು: ತಂಗಿ ಸುಳ್ಳು ಹೇಳುತ್ತಿದ್ದಾಳೆ, ಟಿ.ವಿ. ಆರಿದೆ, ಕೆಳಗೆ ಬೇಗೂರಿನವರು ಕೂತಿದ್ದಾರೆ, ನಿನ್ನನ್ನು ಬೇಕೆಂದೇ ಮೇಲೆ ಇಟ್ಟಿದ್ದಾರೆ. ಗೊತ್ತಾದ ಮೇಲೆ ಏನು ಮಾಡಿದೆ? ಹದಿನೇಳು ಮೆಟ್ಟಿಲು ಅಣ್ಣ, ಬರೀ ಹದಿನೇಳು. ಇಳಿದು ಬಂದು, "ನನಗೆ ಈ ಮದುವೆ ಬೇಡ" ಅಂತ ಒಂದು ಮಾತು ಹೇಳಿದ್ದರೆ ಎಲೆಯಡಿಕೆ ಬದಲಾಗುತ್ತಿರಲಿಲ್ಲ. ಇನ್ನೂ ಒಂದು ಗಂಟೆ ಅಲ್ಲೇ ನಿಂತು "ಈಗ ಬಂತಾ, ಈಗ ಬಂತಾ" ಅಂತ ಯಾಕೆ ಕೂಗಿದೆ?

ಯಾಕೆಂದರೆ ನಿನಗೂ ಅದೇ ಬೇಕಿತ್ತು. ನೀನು ಹೂಂ ಅನ್ನಬಾರದು, ಊಹೂಂ ಅನ್ನಬಾರದು, ಬೇರೆಯವರು ಮುಗಿಸಬೇಕು, ಆಮೇಲೆ ನೀನು ಮೋಸಹೋದವನಾಗಿ ಮನೆ ಬಿಟ್ಟು ಹೋಗಬೇಕು. ನಾವು ಮೋಸಗಾರರು, ಸರಿ. ನೀನು ಯಾರು?

ವೈಶಾಖದಲ್ಲಿ ಲಗ್ನ ಅಂತ ಮಾತಾಗುತ್ತಿದೆ. ಬೇಡ ಅನ್ನುವುದಿದ್ದರೆ ಬೇಗೂರಿಗೆ ಹೋಗಿ ಹೇಳು.

ಶಿಲ್ಪಶ್ರೀ

•

ಪದ್ಮನಾಭನಗರ
೧೦ ಜನವರಿ ೧೯೯೩

ಶ್ರೀಮತಿ ಅನ್ನಪೂರ್ಣ ಅವರಿಗೆ,

ಶ್ರೀಮತಿ ಎಂದು ಬರೆದದ್ದು ತಪ್ಪಾಯಿತು, ಕುಮಾರಿ ಎಂದು ಓದಿಕೊಳ್ಳಿ. ಹುಡುಗಿಯರಿಗೆ ಕಾಗದ ಬರೆದು ಅಭ್ಯಾಸವಿಲ್ಲ. ವಿಳಾಸವನ್ನು ನಿಮ್ಮ ಹೊಲಿಗೆ ಕ್ಲಾಸಿನ ಬೋರ್ಡಿನಿಂದ ತೆಗೆದುಕೊಂಡೆ, ಮನೆಗೆ ಕಳಿಸಿದರೆ ಹಿರಿಯರ ಕೈಗೆ ಸಿಗುತ್ತದೆಂದು.

ದೀಪಾವಳಿಯಲ್ಲಿ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ಕೊಟ್ಟಾಗ ನಾನು ತಾರಸಿಯ ಮೇಲೆ ಆಂಟೆನಾ ಸರಿಮಾಡುತ್ತಿದ್ದೆ. ನನಗೆ ಏನೂ ತಿಳಿದಿರಲಿಲ್ಲ. ಆ ಮಾತು ನನ್ನದಲ್ಲ. ನಿಮ್ಮ ಬಗ್ಗೆ ನನಗೆ ಕೆಟ್ಟ ಅಭಿಪ್ರಾಯವೇನಿಲ್ಲ, ನಿಮ್ಮನ್ನು ಸರಿಯಾಗಿ ನೋಡಿಯೂ ಇಲ್ಲ.

ಒಂದು ಉಪಕಾರ ಮಾಡಬೇಕು. ನಾನು ಬೇಡ ಎಂದರೆ ಅಪ್ಪನಿಗೆ ಅವಮಾನ, ತಂಗಿಯ ಸಂಬಂಧ ನನ್ನಿಂದಲೇ ಮುರಿಯಿತೆಂದು ಆಡಿಕೊಳ್ಳುತ್ತಾರೆ. ನೀವೇ ಬೇಡ ಎಂದುಬಿಟ್ಟರೆ ಯಾರಿಗೂ ತೊಂದರೆಯಿಲ್ಲ. ಹುಡುಗ ಮೆಕ್ಯಾನಿಕ್, ಸಂಬಳ ಸಾಲದು ಎಂದರೂ ಸಾಕು, ನಾನು ತಪ್ಪು ತಿಳಿಯುವುದಿಲ್ಲ.

ಇತಿ,
ಮಹಾಂತೇಶ್

•

ಬೇಗೂರು
೨೫ ಜನವರಿ ೧೯೯೩

ಮಹಾಂತೇಶ್ ಅವರಿಗೆ,

ನಿಮ್ಮ ಕಾಗದ ಬಂತು. ಕ್ಲಾಸಿನ ಹುಡುಗಿಯರ ಎದುರು ಒಡೆದು ಓದಿದೆ, ನಿಮ್ಮ ಗುಟ್ಟು ಇನ್ನು ಬೇಗೂರಿಗೆಲ್ಲ ಗೊತ್ತು ಅಂತ ಹೆದರಬೇಡಿ, ಹಾಗೆ ಮಾಡಿಲ್ಲ. ಮಾಡಬೇಕು ಅನ್ನುವಷ್ಟು ಸಿಟ್ಟು ಮಾತ್ರ ಬಂದಿತ್ತು.

"ನನಗೆ ಏನೂ ತಿಳಿದಿರಲಿಲ್ಲ" ಎಂದು ಬರೆದಿದ್ದೀರಿ. ಅವತ್ತು ಏಳೂವರೆಯ ಹೊತ್ತಿಗೆ ನಿಮ್ಮ ತಾಯಿ ನನ್ನ ಕೈಗೆ ಒಂದು ತಟ್ಟೆ ಕೊಟ್ಟು, "ಮೇಲೆ ಒಬ್ಬನೇ ಇದಾನೆ, ಎರಡು ಹೋಳಿಗೆ ಕೊಟ್ಟು ಬಾರಮ್ಮ" ಅಂದರು. ನಾನು ಹದಿನಾರು ಮೆಟ್ಟಿಲು ಹತ್ತಿದೆ. ಕೊನೆಯ ಮೆಟ್ಟಿಲು ಹತ್ತಲಿಲ್ಲ. ಪಕ್ಕದ ಮನೆಯವರು ಹಚ್ಚುತ್ತಿದ್ದ ಹೂಕುಂಡಗಳ ಬೆಳಕಿನಲ್ಲಿ ನೀವು ಚೆನ್ನಾಗಿ ಕಾಣುತ್ತಿದ್ದಿರಿ. ನೀವು ಏನನ್ನೂ ಸರಿಮಾಡುತ್ತಿರಲಿಲ್ಲ. ಕೈಪಿಡಿ ಗೋಡೆಯ ಮೇಲೆ ಕೂತಿದ್ದಿರಿ. ತಂತಿ ನಿಮ್ಮ ತೊಡೆಯ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೊಮ್ಮೆ ತಲೆ ಎತ್ತಿ "ಈಗ ಬಂತಾ?" ಎಂದು ಕೂಗುತ್ತಿದ್ದಿರಿ. ಕೆಳಗಿನಿಂದ ನಿಮ್ಮ ತಂಗಿ "ಇನ್ನೂ ಸ್ವಲ್ಪ" ಅನ್ನುತ್ತಿದ್ದರು. ಟಿ.ವಿ. ಆರಿಸಿರುವುದು ನನಗೆ ಗೊತ್ತು, ನಾನು ಅದರ ಮುಂದಿನಿಂದಲೇ ಎದ್ದು ಬಂದಿದ್ದೆ. ತಂತಿ ಬಿಚ್ಚಿರುವುದೂ ಆಗ ಗೊತ್ತಾಯಿತು. ಮೇಲೊಬ್ಬರು, ಕೆಳಗೊಬ್ಬರು, ಇಬ್ಬರೂ ಸುಳ್ಳು ಹೇಳಿಕೊಳ್ಳುತ್ತಾ ಇದ್ದಿರಿ. ನಾನು ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಐದಾರು ಸಲ ಕೇಳಿಸಿಕೊಂಡೆ. ಮೊದಲು ನಗು ಬಂತು. ಆಮೇಲೆ, ಈ ಮನುಷ್ಯನ ಜೊತೆ ನನ್ನ ಮದುವೆಯ ಮಾತು ನಡೆಯುತ್ತಿದೆಯಲ್ಲಾ ಎಂದು ನೆನಪಾಯಿತು. ಹೋಳಿಗೆಯನ್ನು ವಾಪಸ್ ತಂದು ಅಡಿಗೆಮನೆಯಲ್ಲಿಟ್ಟು, "ಅವರಿಗೆ ಕೆಲಸ ಇದೆಯಂತೆ" ಅಂದೆ. ಅವತ್ತು ಆ ಮನೆಯಲ್ಲಿ ನಾನೂ ಒಂದು ಸುಳ್ಳು ಹೇಳಿದೆ.

ಮಾತು ಮುಗಿಯುವವರೆಗೆ ನೀವು ಕೆಳಗಿಳಿಯಲಿಲ್ಲ. ಇಳಿದು ಬಂದು ತಟ್ಟೆಯಲ್ಲಿ ಎಲೆಯಡಿಕೆ ಕಂಡಾಗಲೂ ಬೇಡ ಅನ್ನಲಿಲ್ಲ. ಈಗ ನನಗೆ ಬರೆದು, ನೀವೇ ಬೇಡ ಅನ್ನಿ ಅನ್ನುತ್ತೀರಿ. ನಿಮ್ಮ ಬದಲಿಗೆ ಕೂಗಲು ಕಿಟಕಿಯಲ್ಲಿ ಇನ್ನೊಬ್ಬಳು ಬೇಕು, ಅಷ್ಟೇ ತಾನೇ? ನಾನು ಆಗುವುದಿಲ್ಲ.

ಯಾವ ಭಾನುವಾರವಾದರೂ ಬನ್ನಿ. ನಾಗೇಶ್ವರ ದೇವಸ್ಥಾನದ ಹತ್ತಿರ ನಿಂಗರಾಜಪ್ಪನವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ನಮ್ಮಪ್ಪನ ಎದುರು ಕೂತು, ಬೇಕೋ ಬೇಡವೋ ನಿಮ್ಮ ಬಾಯಲ್ಲಿ ಹೇಳಿ. ಅಲ್ಲಿಯವರೆಗೆ ನಾನು ಮಾತು ಕೊಟ್ಟ ಹುಡುಗಿ. ನನ್ನಿಂದ ನಿಮಗೆ ಯಾವ ಉಪಕಾರವೂ ಇಲ್ಲ.

ಅನ್ನಪೂರ್ಣ

•

ಪದ್ಮನಾಭನಗರ
೧ ಮಾರ್ಚ್ ೧೯೯೩

ಶಿಲ್ಪಾ,

ನಿನ್ನೆ ಬೇಗೂರಿಗೆ ಹೋಗಿದ್ದೆ. ಸುದ್ದಿ ನಿನಗೆ ಇನ್ಯಾರಿಂದಲೋ ಮುಟ್ಟುವ ಮುಂಚೆ ನಾನೇ ಬರೆಯಬೇಕು.

ಬೇಡ ಅನ್ನುವುದಕ್ಕೇ ಬಸ್ಸು ಹತ್ತಿದ್ದು. ಆದರೆ ಸುಳ್ಳು ಬರೆಯುವುದಿಲ್ಲ, ಕಳೆದ ಒಂದು ತಿಂಗಳಿನಿಂದ ಆ ಹುಡುಗಿ ಬರೆದ ಒಂದು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಅದರ ಸಾಲು ನೆನಪಾಗಿ ಕೈ ಸುಟ್ಟುಕೊಂಡಿದ್ದೇನೆ. ಏನು ಬರೆದಿದ್ದಾಳೆ ಅಂತ ನಿನಗೆ ಹೇಳುವುದಿಲ್ಲ. ನೀನು ಡಿಸೆಂಬರಿನಲ್ಲಿ ಬರೆದದ್ದನ್ನೇ ಅವಳು ಕಣ್ಣಾರೆ ಕಂಡು ಬರೆದಿದ್ದಾಳೆ. ನೀನು ಬರೆದಾಗ ಸಿಟ್ಟು ಬಂತು, ಅವಳು ಬರೆದಾಗ ತಲೆ ತಗ್ಗಿತು. ನನ್ನನ್ನು ಇಷ್ಟು ಚೆನ್ನಾಗಿ ನೋಡಿದವರು ಇನ್ನಾರೂ ಇಲ್ಲ ಅನ್ನಿಸಿತು.

ನಡುಮನೆಯಲ್ಲಿ ನಿಂಗರಾಜಪ್ಪ, ಅವರ ಹೆಂಡತಿ, ಗೌರೀಶಂಕರ. ಮಜ್ಜಿಗೆ ಕೊಟ್ಟರು. ನಿಂಗರಾಜಪ್ಪ, "ಹೇಳಪ್ಪ, ಏನು ಬಂದಿದ್ದು?" ಅಂದರು. ಲೋಟ ಕೆಳಗಿಟ್ಟೆ. "ಹಬ್ಬದ ದಿನ ಕೊಟ್ಟ ಮಾತು ನಂದಲ್ಲ. ನಾನು ಬೇಕಂತಲೇ ಮೇಲೆ ಕೂತಿದ್ದೆ. ತಪ್ಪಾಯ್ತು. ಇವತ್ತು ನನ್ನ ಮಾತು ನಾನು ಕೊಡ್ತೀನಿ. ನಿಮ್ಮ ಮಗಳನ್ನ ಮದುವೆ ಆಗೋಕೆ ನನಗೆ ಇಷ್ಟ ಇದೆ" ಅಂದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ದೊಡ್ಡವರ ಎದುರು ಇಷ್ಟು ಉದ್ದ ನಾನು ಮಾತಾಡಿದ್ದೇ ಇಲ್ಲ. ನಿಂಗರಾಜಪ್ಪ ನಕ್ಕರು. "ಅದಕ್ಕೇನಂತೆ, ಮುಗಿದ ಮಾತು" ಅಂದರು.

ಆಗ ಅನ್ನಪೂರ್ಣ ಒಳಗಿನಿಂದ ಬಂದಳು. ಬಾಗಿಲಿಗೆ ಒರಗಿಕೊಳ್ಳಲಿಲ್ಲ, ನಡುಮನೆಗೇ ಬಂದು ನಿಂತಳು. "ಅಪ್ಪ, ನನ್ನನ್ನೂ ಕೇಳಿ" ಅಂದಳು. ಯಾರೂ ಕೇಳಲಿಲ್ಲ, ಅವಳೇ ಹೇಳಿದಳು. "ನನಗೆ ಈ ಮದುವೆ ಬೇಡ." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಬೇಡ ಅನ್ನಿ ಅಂತ ಬರೆದಾಗ ನಾನು ಅನ್ನಲಿಲ್ಲ. ಅನ್ನಬಹುದಿತ್ತು, ಆದ್ರೆ ಅದು ನಿಮ್ಮ ಮಾತಾಗ್ತಿತ್ತು. ಇದು ನಂದು. ಇವತ್ತು ನೀವು ಹೇಳಿದ್ದು ಚೆನ್ನಾಗಿತ್ತು. ಆದ್ರೆ ಪ್ರತಿಯೊಂದಕ್ಕೂ ನಾಲ್ಕು ತಿಂಗಳು, ಇನ್ನೊಬ್ಬರ ಬೈಗುಳ ಬೇಕು ಅಂದ್ರೆ ನನ್ನ ಕೈಲಿ ಆಗಲ್ಲ."

ನಿಂಗರಾಜಪ್ಪ ಎದ್ದು ನಿಂತರು. ಹೊಡೆದೇಬಿಡುತ್ತಾರೆ ಅಂದುಕೊಂಡೆ. "ಹಾಗಾದ್ರೆ ಎರಡೂ ಇಲ್ಲ" ಅಂದರು. ಅವಳು, "ಅಣ್ಣನ ಮದುವೆಗೂ ನನ್ನ ಮದುವೆಗೂ ಏನು ಸಂಬಂಧ? ಅಣ್ಣಾ, ನೀನು ಹೇಳು" ಅಂದಳು.

ಶಿಲ್ಪಾ, ನಾನೂ ಗೌರೀಶಂಕರನ ಮುಖವನ್ನೇ ನೋಡಿದೆ. ಒಂದು ಮಾತು ಆಡಲಿ ಅಂತ ದೇವರಲ್ಲಿ ಬೇಡಿಕೊಂಡೆ. ಅವನು ಮಜ್ಜಿಗೆ ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತಾ ಕೂತಿದ್ದ. ಆಮೇಲೆ ಎದ್ದು, "ದನ ಬಿಡಬೇಕು" ಅಂತ ಹಿತ್ತಲಿಗೆ ಹೋದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನು ಹಾಗೆ ಎಷ್ಟು ಸಲ ಎದ್ದು ಹೋಗಿಲ್ಲ?

ಎಲೆಯಡಿಕೆ ವಾಪಸ್ ಕೊಟ್ಟರು. ನನ್ನ ಜೋಳಿಗೆಯಲ್ಲಿದೆ. ನಿನ್ನ ಸಂಬಂಧ ಹೋಯಿತು. ನಾನು ಹೋಗದಿದ್ದರೆ ವೈಶಾಖದಲ್ಲಿ ಚಪ್ಪರ ಏಳುತ್ತಿತ್ತು. ಏನು ಬೇಕಾದರೂ ಬೈದು ಬರೆ. ಯುಗಾದಿಗೆ ಮನೆಗೆ ಬರುವ ಆಸೆಯಿದೆ, ಅಪ್ಪ ಒಳಗೆ ಸೇರಿಸುತ್ತಾರೋ ಇಲ್ಲವೋ. ಅಮ್ಮನ ಕಿವಿಗೆ ಮೆಲ್ಲಗೆ ಹಾಕಿ ನೋಡು, ಏನಂತಾಳೆ ಅಂತ ನನಗೆ ಬರೆ.

ಮಹಾಂತೇಶ

•

ಇಟ್ಟಮಡು
೧೪ ಮಾರ್ಚ್ ೧೯೯೩

ಅಣ್ಣ,

ನಿನ್ನ ಕಾಗದ ಬಂದ ದಿನ ಟ್ಯೂಷನ್ನಿಗೆ ರಜೆ ಹೇಳಿ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ನಿನ್ನನ್ನು ಬೈದೆ, ಅಪ್ಪನನ್ನು ಬೈದೆ, ಆ ಅನ್ನಪೂರ್ಣಳಿಗಂತೂ ಶಾಪವೇ ಹಾಕಿದೆ.

ನಾಲ್ಕನೇ ದಿನ ಗೌರೀಶಂಕರ ಬಂದಿದ್ದರು. ಮನೆಗಲ್ಲ, ಟ್ಯೂಷನ್ ಬಿಡುವ ಹೊತ್ತಿಗೆ ಬಸ್ ಸ್ಟಾಪಿಗೆ. "ಅಪ್ಪ ಈಗ ಕೋಪದಲ್ಲಿದ್ದಾರೆ. ನಿಧಾನಕ್ಕೆ ಒಪ್ಪಿಸ್ತೀನಿ. ಸ್ವಲ್ಪ ದಿನ ಕಾಯ್ತೀರಾ?" ಅಂದರು. "ಎಷ್ಟು ದಿನ?" ಅಂದೆ. "ಹೇಳೋಕಾಗಲ್ಲ" ಅಂದರು. "ಅಪ್ಪನ ಹತ್ರ ಇದುವರೆಗೆ ಏನು ಮಾತಾಡಿದ್ರಿ?" ಅಂದೆ. "ಇನ್ನೂ ಮಾತಾಡಿಲ್ಲ, ನಿಮ್ಮ ತಂದೆ ಒಂದು ಸಲ ಬಂದು ಕೇಳಿಕೊಂಡ್ರೆ..." ಅಂದರು. ಒಳ್ಳೆಯ ಮನುಷ್ಯ. ನನ್ನ ಜೊತೆ ಗಣಿತದ ವಿಷಯ ಅಷ್ಟು ಚೆನ್ನಾಗಿ ಮಾತಾಡಿದ್ದರು. ಹದಿನೈದನೇ ನಂಬರ್ ಬಸ್ಸು ಬಂತು. "ಕಾಯಲ್ಲ" ಅಂತ ಹೇಳಿ ಹತ್ತಿದೆ.

ಅಪ್ಪನಿಗೂ ಹೇಳಿದೆ. ಬಲಿಪಾಡ್ಯಮಿ ದಿನ ನನ್ನ ಕೈಲಿ ಸುಳ್ಳು ಹೇಳಿಸಿದ್ದು ತಪ್ಪು, ಇನ್ನು ಮೇಲೆ ಯಾರು ಬಂದರೂ ಮೊದಲು ನನ್ನನ್ನು ಕೇಳಿ ಅಂದೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಪೇಪರ್ ಎಲ್ಲಿ ಅಂತ ಕೇಳಿದರು.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ನೀನು ಆಗಸ್ಟಿನಲ್ಲಿ ಆಡಬೇಕಾದ ಮಾತನ್ನು ಫೆಬ್ರವರಿಯಲ್ಲಿ ಆಡಿದೆ. ನಡುವಿನ ಆರು ತಿಂಗಳು ನಾನು ಸೀರೆಗಳ ಬಣ್ಣ ಯೋಚಿಸುತ್ತಿದ್ದೆ. ಅದನ್ನು ನಾನು ಮರೆಯುವುದಿಲ್ಲ, ಮರೆತೆ ಅಂತ ಸುಳ್ಳು ಹೇಳುವುದೂ ಇಲ್ಲ.

ಯುಗಾದಿಗೆ ಬರುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಅಮ್ಮ ಹಗಲೆಲ್ಲ ಮನೆಯಲ್ಲೇ ಇರುತ್ತಾಳೆ. ಅವಳನ್ನು ನೀನೇ ಬಂದು ಕೇಳು. ನಾನು ಹೇಳುವುದಿಲ್ಲ.

ಶಿಲ್ಪಶ್ರೀ